ಹೋಗುವವರಿಗೆ ಧನ್ಯವಾದ, ಬರುವವರಿಗೆ ಲೆಕ್ಕ

ಪದವಿ ಕಾಲೇಜಿನ ವಿದ್ಯಾರ್ಥಿ ಪರಿಷತ್ತಿನಲ್ಲಿ ಹಳೆಯ ಪದಾಧಿಕಾರಿಗಳೂ ಹೊಸಬರೂ ಎದುರೆದುರು ಕೂತು ಅಧಿಕಾರ ಬಿಟ್ಟುಕೊಡುವುದು, ವಹಿಸಿಕೊಳ್ಳುವುದು ಅಪರೂಪ. ಅಂತಿಮ ವರ್ಷದವರು ಪರೀಕ್ಷೆ ಮುಗಿಸಿ ಹೊರಟಿರುತ್ತಾರೆ. ಒಬ್ಬರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾರೆ, ಇನ್ನೊಬ್ಬರು ಬೇರೆ ಊರಿನಲ್ಲಿ ಎಂ.ಕಾಂ.ಗೆ ಅರ್ಜಿ ಹಾಕಿರುತ್ತಾರೆ. ಹೊಸ ಪರಿಷತ್ತು ರಚನೆಯಾಗುವುದು ರಜೆ ಕಳೆದು ತರಗತಿಗಳು ಶುರುವಾದ ಮೇಲೆ. ನಡುವಿನ ಆ ತಿಂಗಳುಗಳಲ್ಲಿ ಪರಿಷತ್ತೆಂದರೆ ಕಪಾಟಿನಲ್ಲಿರುವ ಒಂದು ಕಡತ, ಅಷ್ಟೆ.

ನಿಯಮಗಳೂ ಈ ಅಂತರವನ್ನು ಹೆಚ್ಚಿಸುತ್ತವೆ. ವಿದ್ಯಾರ್ಥಿ ಸಂಘಗಳ ಚುನಾವಣೆ ಹೇಗಿರಬೇಕೆಂದು ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ ಮಾಡಿದ ಶಿಫಾರಸುಗಳನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಶೈಕ್ಷಣಿಕ ವರ್ಷ ಶುರುವಾದ ಆರರಿಂದ ಎಂಟು ವಾರಗಳ ನಡುವೆ ಚುನಾವಣೆ ನಡೆಸಬೇಕು, ಪದಾಧಿಕಾರಿ ಸ್ಥಾನಕ್ಕೆ ಒಬ್ಬ ವಿದ್ಯಾರ್ಥಿ ಒಮ್ಮೆ ಮಾತ್ರ ಸ್ಪರ್ಧಿಸಬಹುದು ಎಂಬುವು ಅದರಲ್ಲಿರುವ ಎರಡು ಅಂಶಗಳು. ಒಂದೇ ಗುಂಪು ವರ್ಷಗಟ್ಟಲೆ ಬೇರೂರಬಾರದೆಂಬ ಎರಡನೆಯ ನಿಯಮ ಒಳ್ಳೆಯದೇ. ಆದರೆ ಅದರ ಫಲವಾಗಿ ಒಮ್ಮೆ ಕಾರ್ಯದರ್ಶಿಯಾಗಿ ಕೆಲಸ ಕಲಿತವರು ಮತ್ತೆ ಆ ಜಾಗಕ್ಕೆ ಬರುವಂತಿಲ್ಲ. ಮತದಾನವಿಲ್ಲದೆ ತರಗತಿ ಪ್ರತಿನಿಧಿಗಳಿಂದಲೋ ಅಂಕಗಳ ಆಧಾರದಿಂದಲೋ ಪರಿಷತ್ತನ್ನು ರಚಿಸುವ ಕಾಲೇಜುಗಳಲ್ಲೂ ಪರಿಸ್ಥಿತಿ ಬೇರೆಯಲ್ಲ. ಪ್ರತಿ ವರ್ಷವೂ ಹೊಸ ಕೈ.

ಹೀಗಾಗಿ ನಿರ್ಗಮಿಸುವವರಿಗೆ ಕೃತಜ್ಞತೆ ಹೇಳಿ ಹೊಸಬರನ್ನು ಸ್ವಾಗತಿಸುವ ಸಂದೇಶ ಬರೀ ಶಿಷ್ಟಾಚಾರದ ಕಾಗದವಲ್ಲ. ಅದು ಸೂಚನಾ ಫಲಕದಲ್ಲಿ, ಪರಿಷತ್ತಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಕೊನೆಗೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇಬ್ಬರ ಕಣ್ಣಿಗೂ ಬೀಳುವ ಬರಹ ಹೆಚ್ಚುಕಡಿಮೆ ಅದೊಂದೇ. ಇದನ್ನು ಸಾಮಾನ್ಯವಾಗಿ ಬರೆಯುವವರು ಪರಿಷತ್ತಿನ ಸಂಚಾಲಕರಾದ ಅಧ್ಯಾಪಕರು. ಕೆಲವೆಡೆ ಪ್ರಾಂಶುಪಾಲರು, ಕೆಲವೆಡೆ ನಿರ್ಗಮಿಸುವ ಅಧ್ಯಕ್ಷರೇ.

ಸಾಮಾನ್ಯವಾಗಿ ಬರುವ ಸಂದೇಶ ಹೀಗಿರುತ್ತದೆ: ‘ಕಳೆದ ಸಾಲಿನ ಪದಾಧಿಕಾರಿಗಳು ಹಗಲಿರುಳೆನ್ನದೆ ದುಡಿದು ಕಾಲೇಜಿನ ಕೀರ್ತಿಯನ್ನು ಉತ್ತುಂಗಕ್ಕೇರಿಸಿದ್ದಾರೆ. ಅವರ ಸೇವೆ ಅವಿಸ್ಮರಣೀಯ. ನೂತನ ಪದಾಧಿಕಾರಿಗಳು ಅದೇ ಹಾದಿಯಲ್ಲಿ ಸಾಗಿ ಇನ್ನೂ ಹೆಚ್ಚಿನ ಸಾಧನೆ ಮಾಡಲೆಂದು ಹಾರೈಸುತ್ತೇವೆ.’ ಇದರಲ್ಲಿ ತಪ್ಪು ಹುಡುಕುವುದು ಕಷ್ಟ, ಉಪಯೋಗ ಹುಡುಕುವುದು ಇನ್ನೂ ಕಷ್ಟ. ಇಸವಿ ಬದಲಿಸಿದರೆ ಹೋದ ವರ್ಷಕ್ಕೂ ಒಪ್ಪುತ್ತದೆ, ಮುಂದಿನ ವರ್ಷಕ್ಕೂ ಒಪ್ಪುತ್ತದೆ. ಹೊಗಳಿಸಿಕೊಂಡವರಿಗೂ ತಮ್ಮ ಯಾವ ಕೆಲಸ ಯಾರ ಕಣ್ಣಿಗೆ ಬಿತ್ತೆಂದು ತಿಳಿಯುವುದಿಲ್ಲ.

ಇದೇ ಸಂದೇಶವನ್ನು ಬೇರೆ ರೀತಿಯಲ್ಲಿ ಬರೆಯುವುದು ಹೇಗೆಂದು ನೋಡಲು, ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜನ್ನು ಊಹಿಸಿಕೊಳ್ಳೋಣ. ಪರಿಷತ್ತಿನಲ್ಲಿ ಅಧ್ಯಕ್ಷ, ಉಪಾಧ್ಯಕ್ಷೆ, ಪ್ರಧಾನ ಕಾರ್ಯದರ್ಶಿ, ಖಜಾಂಚಿ, ಸಾಂಸ್ಕೃತಿಕ ಮತ್ತು ಕ್ರೀಡಾ ಕಾರ್ಯದರ್ಶಿಗಳು ಇದ್ದಾರೆ. ವರ್ಷದಲ್ಲಿ ನಡೆದದ್ದು ಹೊಸ ವಿದ್ಯಾರ್ಥಿಗಳ ಸ್ವಾಗತ, ರಾಜ್ಯೋತ್ಸವ, ಕ್ರೀಡಾಕೂಟ ಮತ್ತು ವಾರ್ಷಿಕೋತ್ಸವ.

ಬರೆಯಲು ಕೂರುವ ಮೊದಲು ಸಂಚಾಲಕರು ಎರಡು ಪುಸ್ತಕ ತೆರೆಯಬೇಕು: ಸಭೆಯ ನಡಾವಳಿ ಪುಸ್ತಕ ಮತ್ತು ನಗದು ಪುಸ್ತಕ. ನೆನಪನ್ನು ನಂಬಿದರೆ ವೇದಿಕೆಯ ಮೇಲೆ ಕಂಡವರಷ್ಟೇ ನೆನಪಾಗುತ್ತಾರೆ. ನಿರೂಪಣೆ ಮಾಡಿದವರ ಹೆಸರು ಬರುತ್ತದೆ, ರಾತ್ರಿ ಹನ್ನೊಂದರವರೆಗೆ ಕುರ್ಚಿ ಎಣಿಸಿ ಶಾಮಿಯಾನದವರಿಗೆ ವಾಪಸ್ ಕೊಟ್ಟವರ ಹೆಸರು ಬಿಟ್ಟುಹೋಗುತ್ತದೆ. ಯಾರಿಗೆ ಯಾವ ಜವಾಬ್ದಾರಿ ಎಂದು ನಡಾವಳಿಯಲ್ಲಿ ಬರೆದಿರುತ್ತದೆ. ಹೆಸರುಗಳನ್ನು ಕಚೇರಿಯ ಪ್ರವೇಶ ದಾಖಲೆಯೊಂದಿಗೆ ಹೋಲಿಸಿ, ಇನಿಷಿಯಲ್ ಸಮೇತ ಸರಿಪಡಿಸಿಕೊಳ್ಳಬೇಕು. ಅಚ್ಚಾಗುವ ಸಂಚಿಕೆಯಲ್ಲಿ ತನ್ನ ಹೆಸರೇ ತಪ್ಪಾಗಿದ್ದರೆ ಉಳಿದ ಹೊಗಳಿಕೆಯನ್ನು ಯಾರೂ ಓದುವುದಿಲ್ಲ.

ಆ ಮೇಲೆ ಕೃತಜ್ಞತೆಯ ಭಾಗ. ಒಬ್ಬೊಬ್ಬರಿಗೆ ಒಂದೇ ವಾಕ್ಯ ಸಾಕು, ಆದರೆ ಆ ವಾಕ್ಯದಲ್ಲಿ ಒಂದು ಕೆಲಸ ಇರಬೇಕು. ಉದಾಹರಣೆಗೆ: ‘ಕ್ರೀಡಾಕೂಟದ ಹಿಂದಿನ ದಿನ ಮಳೆ ಬಂದು ಓಟದ ಪಥ ಅಳಿಸಿಹೋದಾಗ ಕ್ರೀಡಾ ಕಾರ್ಯದರ್ಶಿ ಬೆಳಗಿನ ಐದಕ್ಕೇ ಹುಡುಗರನ್ನು ಸೇರಿಸಿ ಸುಣ್ಣದ ಪುಡಿಯಿಂದ ಗೆರೆಗಳನ್ನು ಮತ್ತೆ ಹಾಕಿಸಿದರು. ಅವರಿಗೆ ಕಾಲೇಜು ಋಣಿ.’ ‘ಖಜಾಂಚಿಯವರು ಪ್ರತಿ ಖರ್ಚಿಗೂ ರಸೀದಿ ಪಡೆದು, ಕಾರ್ಯಕ್ರಮ ಮುಗಿದ ವಾರದೊಳಗೆ ಲೆಕ್ಕ ಒಪ್ಪಿಸಿದರು. ಈ ಪದ್ಧತಿ ಅವರ ಕಾಲದಲ್ಲಿ ಬಂದದ್ದು, ಅವರಿಗೆ ಧನ್ಯವಾದ.’

ಈ ಎರಡು ವಾಕ್ಯಗಳು ಇನ್ನೊಂದು ಕೆಲಸವನ್ನೂ ಮಾಡುತ್ತಿವೆ. ಕ್ರೀಡಾಕೂಟಕ್ಕೆ ಮುನ್ನ ಹೆಚ್ಚುವರಿ ಸುಣ್ಣದ ಪುಡಿ ಇಟ್ಟುಕೊಳ್ಳಬೇಕೆಂದು ಹೊಸ ಕ್ರೀಡಾ ಕಾರ್ಯದರ್ಶಿಗೆ ತಿಳಿಯಿತು. ವಾರದೊಳಗೆ ಲೆಕ್ಕ ಕೊಡುವುದು ವಾಡಿಕೆಯೆಂದು ಹೊಸ ಖಜಾಂಚಿಗೆ ತಿಳಿಯಿತು. ಯಾರೂ ಉಪದೇಶ ಮಾಡಲಿಲ್ಲ. ಹೆಸರು ಹಿಡಿದು, ಕೆಲಸ ಹಿಡಿದು ಹೇಳಿದ ಧನ್ಯವಾದದೊಳಗೇ ಮುಂದಿನವರಿಗೆ ಬೇಕಾದ ಮಾಹಿತಿ ಇತ್ತು.

ಎಚ್ಚರ ತಪ್ಪುವುದು ಹೋಲಿಕೆಯಲ್ಲಿ. ‘ಹಿಂದೆಂದೂ ಕಾಣದಷ್ಟು ಅದ್ದೂರಿಯಾಗಿ’ ಎಂದು ಬರೆದರೆ ಅದಕ್ಕೂ ಹಿಂದಿನ ವರ್ಷದವರನ್ನು ಸಣ್ಣವರನ್ನಾಗಿ ಮಾಡಿದ ಹಾಗೆ, ಹೊಸಬರ ತಲೆಯ ಮೇಲೂ ಭಾರ ಹೊರಿಸಿದ ಹಾಗೆ. ಅದ್ದೂರಿ ಎಂಬುದರ ಬದಲು ನಾಲ್ಕು ವಿಭಾಗಗಳ ವಿದ್ಯಾರ್ಥಿಗಳೂ ವೇದಿಕೆ ಹತ್ತಿದರು ಎಂದರೆ ಹೊಗಳಿಕೆಯೂ ಆಯಿತು, ವಿಷಯವೂ ತಿಳಿಯಿತು.

ಮುಂದಿನದು ಬಹಳ ಮಂದಿ ಬಿಟ್ಟುಬಿಡುವ ಭಾಗ: ಆಗದೇ ಉಳಿದದ್ದು. ವಾಚನಾಲಯವನ್ನು ಸಂಜೆ ಆರರವರೆಗೆ ತೆರೆದಿಡಬೇಕೆಂದು ನಮ್ಮ ಕಾಲ್ಪನಿಕ ಪರಿಷತ್ತು ಕೇಳಿತ್ತು; ಸಿಬ್ಬಂದಿಯ ಕೊರತೆಯಿಂದ ಅದು ನಿಂತುಹೋಯಿತು. ಸಂದೇಶದಲ್ಲಿ ಇದನ್ನು ಮುಚ್ಚಿಟ್ಟರೆ ಹೊಸಬರು ಅದೇ ಅರ್ಜಿಯನ್ನು ಮೊದಲಿನಿಂದ ಬರೆಯುತ್ತಾರೆ. ‘ವಾಚನಾಲಯದ ಸಮಯ ವಿಸ್ತರಣೆಗೆ ಜನವರಿಯಲ್ಲಿ ಮನವಿ ಸಲ್ಲಿಸಲಾಗಿದೆ, ತೀರ್ಮಾನ ಬಾಕಿ ಇದೆ, ಪ್ರತಿ ಕಡತದಲ್ಲಿದೆ’ ಎಂದರೆ ಯಾರ ಮೇಲೂ ದೂರಿಲ್ಲ, ದಾರಿ ಮಾತ್ರ ಇದೆ. ಹಾಗೆಂದು ಎಲ್ಲವನ್ನೂ ಬರೆಯುವಂತಿಲ್ಲ. ವಿದ್ಯಾರ್ಥಿಯೊಬ್ಬರ ವೈಯಕ್ತಿಕ ದೂರು, ಪದಾಧಿಕಾರಿಗಳ ನಡುವಿನ ಮನಸ್ತಾಪ, ಮಿಂಚಂಚೆಯ ಪಾಸ್‌ವರ್ಡ್ ಇವು ಸೂಚನಾ ಫಲಕಕ್ಕೆ ಹೋಗುವ ಬರಹದಲ್ಲಿ ಬರಬಾರದು. ದೂರಿನ ವಿಷಯ ಸಂಚಾಲಕರ ಬಳಿ ಇರಲಿ, ಪಾಸ್‌ವರ್ಡನ್ನು ಹೊಸಬರ ಕೈಗೆ ಕೊಟ್ಟ ದಿನವೇ ಬದಲಿಸಲಿ.

ಹಣದ ವಿಷಯದಲ್ಲಿ ಒಂದೇ ವಾಕ್ಯ, ಆದರೆ ಪೂರ್ಣ ವಾಕ್ಯ ಬೇಕು. ‘ಖಾತೆಯಲ್ಲಿ 18,450 ರೂಪಾಯಿ ಉಳಿದಿದೆ’ ಎಂದಷ್ಟೇ ಬರೆದರೆ ಹೊಸ ಖಜಾಂಚಿ ಅಷ್ಟನ್ನೂ ಸ್ವಾಗತ ಸಮಾರಂಭಕ್ಕೆ ಲೆಕ್ಕ ಹಾಕುತ್ತಾರೆ. ಆಗಸ್ಟಿನಲ್ಲಿ ಶಾಮಿಯಾನದವರು ವಾರ್ಷಿಕೋತ್ಸವದ ಬಾಕಿ 6,000 ರೂಪಾಯಿ ಕೇಳಿಕೊಂಡು ಬಂದಾಗ ಕಾರ್ಯಕ್ರಮದ ಹಣಕ್ಕೇ ಕತ್ತರಿ ಬೀಳುತ್ತದೆ. ಆದ್ದರಿಂದ ‘ಉಳಿಕೆ 18,450, ಕೊಡಬೇಕಾದ ಬಾಕಿ 6,000, ಬಳಸಲು ಸಿಗುವುದು 12,450 ರೂಪಾಯಿ’ ಎಂದು ಮೂರನ್ನೂ ಒಟ್ಟಿಗೆ ಹೇಳಬೇಕು. ಪರಿಷತ್ತಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇದ್ದರೆ ಇನ್ನೊಂದು ತೊಡಕಿದೆ. ಹೊಸಬರ ಸಹಿ ಬ್ಯಾಂಕಿನಲ್ಲಿ ದಾಖಲಾಗುವವರೆಗೆ ಹಳೆಯವರ ಸಹಿಯೇ ನಡೆಯುತ್ತದೆ, ಅವರೋ ಊರಲ್ಲಿರುವುದಿಲ್ಲ. ಸಹಿ ಬದಲಾವಣೆಯ ಠರಾವನ್ನು ಹಳೆಯ ಪರಿಷತ್ತಿನ ಕೊನೆಯ ಸಭೆಯಲ್ಲೇ ಮಾಡಿಟ್ಟು, ಸಂಚಾಲಕರು ಜಂಟಿ ಸಹಿದಾರರಾಗಿ ಮುಂದುವರಿದರೆ ಈ ತೊಡಕು ಬಹುಪಾಲು ತಪ್ಪುತ್ತದೆ.

ಇನ್ನು ಸ್ವಾಗತ. ಹೊಸ ಪದಾಧಿಕಾರಿಗಳ ಹೆಸರು, ತರಗತಿ ಮತ್ತು ಹುದ್ದೆಯನ್ನು ಹುದ್ದೆಯ ಕ್ರಮದಲ್ಲಿ ಬರೆದು, ಅಧಿಕಾರ ಯಾವ ದಿನದಿಂದ ಎಂದು ಸ್ಪಷ್ಟಪಡಿಸಬೇಕು. ಫಲಿತಾಂಶ ಬಂದ ದಿನವೋ, ಪ್ರಮಾಣವಚನದ ದಿನವೋ? ಈ ಗೊಂದಲದ ನಡುವೆ ಯಾರೋ ಮುದ್ರೆ ಒತ್ತಿ ಅತಿಥಿಗೆ ಪತ್ರ ಕಳಿಸಿದರೆ ಅದಕ್ಕೆ ಹೊಣೆ ಯಾರೆಂಬ ಜಗಳ ಹುಟ್ಟುತ್ತದೆ. ಸ್ವಾಗತದ ಮಾತಿನಲ್ಲಿ ಹೊಸಬರ ಪರವಾಗಿ ಭರವಸೆಗಳನ್ನು ಕೊಡುವುದೂ ಬೇಡ, ಅವರು ಇನ್ನೂ ಮೊದಲ ಸಭೆಯನ್ನೇ ಮಾಡಿಲ್ಲ. ‘ಅಧ್ಯಕ್ಷರಾಗಿ ಆಯ್ಕೆಯಾದ ನಿಮಗೆ ಅಭಿನಂದನೆ. ಆಗಸ್ಟ್ 14ರ ಪ್ರಮಾಣವಚನದಿಂದ ನಿಮ್ಮ ಅವಧಿ ಆರಂಭ. ಮೊದಲ ಸಭೆ ಅದರ ಮರುವಾರ, ವಾಚನಾಲಯದ ಮನವಿ ಅಂದಿನ ವಿಷಯಪಟ್ಟಿಯಲ್ಲಿದೆ’ ಎಂದರೆ ಸ್ವಾಗತಕ್ಕೊಂದು ಕೆಲಸವೂ ಸೇರಿತು. ಸೋತ ಅಭ್ಯರ್ಥಿಗಳಿದ್ದರೆ ಅವರಿಗೂ ಒಂದು ಸಾಲಿನ ಧನ್ಯವಾದ ಇರಲಿ. ನಾಳೆ ಕಾರ್ಯಕ್ರಮಕ್ಕೆ ಸ್ವಯಂಸೇವಕರು ಬೇಕಾದಾಗ ಕರೆಯಬೇಕಾದವರಲ್ಲಿ ಅವರೂ ಇರುತ್ತಾರೆ.

ಸಂದೇಶದ ಜೊತೆಗೆ ಒಂದು ಪುಟದ ಹಸ್ತಾಂತರ ಪಟ್ಟಿ ಬೇಕು, ಅದು ಪ್ರಕಟಣೆಗಲ್ಲ. ನಡಾವಳಿ ಪುಸ್ತಕ, ನಗದು ಪುಸ್ತಕ, ರಸೀದಿ ಪುಸ್ತಕದಲ್ಲಿ ಬಳಸದೆ ಉಳಿದ ಹಾಳೆಗಳ ಸಂಖ್ಯೆ, ಮುದ್ರೆ, ಕಪಾಟಿನ ಬೀಗದ ಕೈ, ಬ್ಯಾನರ್‌ಗಳು, ಮೈಕ್ ಸೆಟ್ ಇದ್ದರೆ ಅದು, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಹೊಣೆ. ಕೊಟ್ಟವರು, ಪಡೆದವರು, ಸಂಚಾಲಕರು ಮೂವರೂ ಸಹಿ ಹಾಕಬೇಕು. ಖಾಲಿ ರಸೀದಿ ಹಾಳೆಗಳ ಎಣಿಕೆ ಕ್ಷುಲ್ಲಕವೆನಿಸಬಹುದು. ಆದರೆ ಪರಿಷತ್ತಿನ ಹೆಸರಿನಲ್ಲಿ ಯಾರಾದರೂ ಚಂದಾ ಎತ್ತಿದರೆ ಮೊದಲು ಕೇಳುವುದು ಅದನ್ನೇ.

ಕೊನೆಗೆ, ಇದನ್ನೆಲ್ಲ ಯಾವಾಗ ಮಾಡುವುದು? ಆಗಸ್ಟಿನಲ್ಲಿ ಬರೆಯಲು ಕೂತರೆ ಹಳೆಯ ಖಜಾಂಚಿಯ ಫೋನ್ ಸಿಗುವುದಿಲ್ಲ. ಸಂದೇಶವನ್ನು ಎರಡು ಕಂತಿನಲ್ಲಿ ಬರೆಯುವುದು ಒಳ್ಳೆಯದು. ಕೃತಜ್ಞತೆ, ಬಾಕಿ ಕೆಲಸ ಮತ್ತು ಲೆಕ್ಕದ ಭಾಗವನ್ನು ಅಂತಿಮ ವರ್ಷದವರು ‘ನೋ ಡ್ಯೂ’ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ವಿಭಾಗದಿಂದ ವಿಭಾಗಕ್ಕೆ ಓಡಾಡುವ ದಿನಗಳಲ್ಲೇ ಮುಗಿಸಿಬಿಡಬೇಕು. ಗ್ರಂಥಾಲಯದ ಪುಸ್ತಕ ಹಿಂದಿರುಗಿಸದೆ ಗ್ರಂಥಪಾಲಕರು ಸಹಿ ಹಾಕುವುದಿಲ್ಲವಲ್ಲ, ಹಾಗೆಯೇ ಹಸ್ತಾಂತರ ಪಟ್ಟಿಯಲ್ಲಿರುವುದನ್ನು ಒಪ್ಪಿಸಿದ ಮೇಲೆಯೇ ಸಂಚಾಲಕರು ಪದಾಧಿಕಾರಿಗಳ ಪತ್ರಕ್ಕೆ ಸಹಿ ಹಾಕಲಿ. ಹೊಸ ಪರಿಷತ್ತು ಬರುವವರೆಗೆ ವಸ್ತುಗಳು ಅವರ ವಶದಲ್ಲೇ ಇರಲಿ, ಪಡೆದವರ ಸಹಿಯ ಜಾಗ ಖಾಲಿ ಇರಲಿ. ಆ ಕರಡನ್ನು ಹೋಗುವವರಿಗೆ ಒಮ್ಮೆ ಓದಿ ಹೇಳಿದರೆ ಬಿಟ್ಟುಹೋದ ಹೆಸರು, ತಪ್ಪಿದ ಮೊತ್ತ ಅಲ್ಲೇ ಸರಿಯಾಗುತ್ತದೆ. ಹೊಸ ಹೆಸರುಗಳೂ ದಿನಾಂಕವೂ ಗೊತ್ತಾದ ಮೇಲೆ ಸ್ವಾಗತದ ಭಾಗ ಸೇರಿಸಲು ಅರ್ಧ ಗಂಟೆ ಸಾಕು.