ಉಳಿದ ತಿಂಗಳುಗಳ ಬಾಕಿ: ರಿಟೆನ್ಷನ್ ಬೋನಸ್ ಮರುಪಾವತಿಯ ಒಳಲೆಕ್ಕ

ಕಂಪನಿಯೊಂದು ತನಗೆ ಬೇಕಾದ ಉದ್ಯೋಗಿಯ ಕೈಗೆ ಒಂದು ಇಡಿಗಂಟು ಕೊಟ್ಟು, ‘ಇಂಥ ದಿನಾಂಕದವರೆಗೆ ನಮ್ಮಲ್ಲೇ ಇರಿ’ ಎಂದು ಬರೆಸಿಕೊಳ್ಳುತ್ತದೆ. ಇದು ರಿಟೆನ್ಷನ್ ಬೋನಸ್. ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟರೆ ಉಳಿದ ತಿಂಗಳುಗಳ ಪಾಲನ್ನು ಹಿಂದಿರುಗಿಸಬೇಕು. ಇದು ಕ್ಲಾಬ್ಯಾಕ್. ಬೆಂಗಳೂರಿನ ಸಾಫ್ಟ್‌ವೇರ್ ಮತ್ತು ಹಣಕಾಸು ಸೇವಾ ಕಚೇರಿಗಳಲ್ಲಿ ಈ ಷರತ್ತಿನ ಪತ್ರಕ್ಕೆ ಸಹಿ ಹಾಕಿದವರು ಸಾಕಷ್ಟು ಮಂದಿ ಇದ್ದಾರೆ. ಒಟ್ಟು ಮೊತ್ತವನ್ನು ಒಟ್ಟು ತಿಂಗಳುಗಳಿಂದ ಭಾಗಿಸಿ ಉಳಿದ ತಿಂಗಳುಗಳಿಂದ ಗುಣಿಸಿದರೆ ಮುಗಿಯಿತು ಎಂದು ಸಹಿ ಹಾಕುವಾಗ ಅನ್ನಿಸುತ್ತದೆ. ಕೆಲಸ ಬಿಡುವ ವಾರದಲ್ಲಿ, ಅಂತಿಮ ಇತ್ಯರ್ಥದ ಹಾಳೆ ಕೈಗೆ ಬಂದಾಗ, ಅದೇ ಸೂತ್ರದಿಂದ ಮೂರು ನಾಲ್ಕು ಬಗೆಯ ಉತ್ತರಗಳು ಹೊರಡುತ್ತವೆ. ಜಗಳ ಹುಟ್ಟುವುದು ಸೂತ್ರದಿಂದಲ್ಲ, ಅದರೊಳಗೆ ಹಾಕುವ ಅಂಕಿಗಳಿಂದ.

ಮುಂಗಡ ಕೊಡುವುದೇಕೆ?

ಅವಧಿ ಮುಗಿದ ಮೇಲೆ ಹಣ ಕೊಟ್ಟರೆ ಮರುಪಾವತಿಯ ಪ್ರಶ್ನೆಯೇ ಏಳುವುದಿಲ್ಲ. ಅನೇಕ ಸಂಸ್ಥೆಗಳು ಈಗಲೂ ಹಾಗೆಯೇ ಮಾಡುತ್ತವೆ. ಆದರೆ ಉದ್ಯೋಗಿಯ ಕೈಯಲ್ಲಿ ಬೇರೆ ಕಂಪನಿಯ ಆಫರ್ ಲೆಟರ್ ಇದ್ದಾಗ, ಎರಡು ವರ್ಷದ ನಂತರ ಬರುವ ಹಣದ ಮಾತು ಅವರನ್ನು ತಡೆಯುವುದಿಲ್ಲ. ಕಂಪನಿ ಇನ್ನೊಂದರ ಕೈಗೆ ಹೋಗುವಾಗ, ಘಟಕವೊಂದನ್ನು ಹಂತಹಂತವಾಗಿ ಮುಚ್ಚುವಾಗ, ದೊಡ್ಡ ಯೋಜನೆ ಅರ್ಧದಲ್ಲಿರುವಾಗಲೂ ಇದೇ ಸ್ಥಿತಿ. ಆಗ ಹಣ ಮೊದಲೇ ಬರುತ್ತದೆ, ಷರತ್ತು ಅದರ ಬೆನ್ನಿಗೆ ಬರುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದಲೂ ಇದಕ್ಕೊಂದು ತರ್ಕವಿದೆ. ಮರುಪಾವತಿಯ ಷರತ್ತಿರುವ ಬೋನಸ್ಸನ್ನು ಕಂಪನಿ ಸಾಮಾನ್ಯವಾಗಿ ಒಂದೇ ದಿನದ ಖರ್ಚೆಂದು ಬರೆಯುವುದಿಲ್ಲ. ಅದನ್ನು ಮುಂಗಡ ಪಾವತಿಯೆಂದು ತೋರಿಸಿ, ಸೇವೆಯ ಅವಧಿಯುದ್ದಕ್ಕೂ ತಿಂಗಳಿಗಿಷ್ಟು ಎಂದು ಖರ್ಚಿಗೆ ಹಾಕುತ್ತಾ ಹೋಗುತ್ತದೆ. ಅಂದರೆ ಉದ್ಯೋಗಿ ಹೊರಡುವ ದಿನ ಪುಸ್ತಕದಲ್ಲಿ ಉಳಿದಿರುವುದು ಬಾಕಿ ತಿಂಗಳುಗಳ ಪಾಲು ಮಾತ್ರ. ಹೀಗಿರುವಾಗ, ಒಂದು ದಿನ ಮೊದಲು ಹೋದರೂ ಇಡೀ ಬೋನಸ್ ಹಿಂದಿರುಗಿಸಬೇಕೆಂಬ ಹಳೆಯ ಬಗೆಯ ಷರತ್ತಿಗಿಂತ ತಿಂಗಳ ಅನುಪಾತದ ವಸೂಲಿ ಹೆಚ್ಚು ಸಮರ್ಥನೀಯ. ಇಪ್ಪತ್ಮೂರು ತಿಂಗಳು ದುಡಿದವರನ್ನೂ ಮೂರು ತಿಂಗಳಲ್ಲಿ ಎದ್ದು ಹೋದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ಯಾರೂ ಗಟ್ಟಿಯಾಗಿ ಹೇಳಲಾರರು.

ಒಂದು ಬೋನಸ್, ನಾಲ್ಕು ಉತ್ತರ

ಒಂದು ಮಾದರಿ ಪ್ರಕರಣವನ್ನು ಹತ್ತಿರದಿಂದ ನೋಡೋಣ. ಬೋನಸ್ 6,00,000 ರೂಪಾಯಿ. ಒಪ್ಪಂದದ ಅವಧಿ 2023ರ ಜುಲೈ 1ರಿಂದ 2025ರ ಜೂನ್ 30ರವರೆಗೆ, ಅಂದರೆ 24 ತಿಂಗಳು. ತಿಂಗಳ ಪಾಲು 25,000 ರೂಪಾಯಿ. ಉದ್ಯೋಗಿ 2024ರ ಆಗಸ್ಟ್ 16ರಂದು ರಾಜೀನಾಮೆ ಪತ್ರ ಕಳಿಸಿ, 90 ದಿನಗಳ ನೋಟಿಸ್ ಅವಧಿ ಮುಗಿಸಿ, ನವೆಂಬರ್ 14ರಂದು ಕಚೇರಿಯಿಂದ ಬಿಡುಗಡೆಯಾಗುತ್ತಾರೆ.

ಅವರು ಪೂರ್ಣವಾಗಿ ದುಡಿದದ್ದು 16 ತಿಂಗಳು, ಹದಿನೇಳನೆಯದು ಅರ್ಧ. ಆ ಅರ್ಧ ತಿಂಗಳನ್ನು ‘ಪೂರೈಸಿಲ್ಲ’ ಎಂದು ತಳ್ಳಿಹಾಕಿದರೆ ಉಳಿದದ್ದು ಎಂಟು ತಿಂಗಳು, ಕೊಡಬೇಕಾದದ್ದು 2,00,000 ರೂಪಾಯಿ. ಪೂರೈಸಿದಂತೆ ಎಣಿಸಿದರೆ ಏಳು ತಿಂಗಳು, 1,75,000 ರೂಪಾಯಿ. ದಿನಗಳ ಲೆಕ್ಕ ಹಿಡಿದರೆ, ನಡುವೆ ಅಧಿಕ ವರ್ಷದ ಫೆಬ್ರುವರಿ ಬಂದಿರುವುದರಿಂದ ಒಟ್ಟು 731 ದಿನಗಳಾಗುತ್ತವೆ. ಅವುಗಳಲ್ಲಿ 228 ಉಳಿದಿವೆ. ಆಗ ಬರುವ ಮೊತ್ತ 1,87,141 ರೂಪಾಯಿ.

ನಾಲ್ಕನೆಯ ಉತ್ತರವೇ ಹೆಚ್ಚು ನೋಯಿಸುವಂಥದ್ದು. ಕೆಲವು ಪತ್ರಗಳಲ್ಲಿ ಎಣಿಕೆ ನಿಲ್ಲುವುದು ಕೆಲಸದ ಕಡೆಯ ದಿನದಂದಲ್ಲ, ರಾಜೀನಾಮೆ ಕೊಟ್ಟ ದಿನ. ಆಗಸ್ಟ್ 16ಕ್ಕೆ ಪೂರ್ಣವಾಗಿದ್ದದ್ದು 13 ತಿಂಗಳು ಮಾತ್ರ. ಉಳಿದ 11 ತಿಂಗಳಿಗೆ 2,75,000 ರೂಪಾಯಿ ಕಟ್ಟಬೇಕು. ನೋಟಿಸ್ ಅವಧಿಯಲ್ಲಿ ಅದೇ ಕುರ್ಚಿಯಲ್ಲಿ ಕೂತು, ಬಂದ ಹೊಸಬರಿಗೆ ಕೆಲಸ ಕಲಿಸಿ, ಹಾಜರಿ ಹಾಕಿದ ಮೂರು ತಿಂಗಳು ಬೋನಸ್ಸಿನ ಕಣ್ಣಿಗೆ ಬೀಳುವುದೇ ಇಲ್ಲ. ಕಂಪನಿಗಳು ಇದಕ್ಕೊಂದು ಸಮಜಾಯಿಷಿ ಕೊಡುತ್ತವೆ: ಹೊರಡಲು ತೀರ್ಮಾನಿಸಿದವರನ್ನು ಉಳಿಸಿಕೊಳ್ಳುವ ಉದ್ದೇಶ ಅಲ್ಲಿಗೇ ಮುಗಿಯಿತು ಎಂದು. ವಾದ ಪೂರ್ತಿ ಪೊಳ್ಳೇನಲ್ಲ. ಆದರೆ ಆ ಮೂರು ತಿಂಗಳ ದುಡಿಮೆಯನ್ನು ಕಡ್ಡಾಯ ಮಾಡಿದ್ದೂ ಅದೇ ಕಂಪನಿ ತಾನೆ?

ಅವಧಿ ಆರಂಭವಾಗುವ ದಿನದಲ್ಲೂ ಇಂಥದೇ ಗೊಂದಲ ಇರುತ್ತದೆ. ಪತ್ರದ ದಿನಾಂಕ, ಸಹಿಯ ದಿನಾಂಕ, ಹಣ ಖಾತೆಗೆ ಬಿದ್ದ ದಿನ ಈ ಮೂರೂ ಬೇರೆಬೇರೆ ಆಗಿರಬಹುದು. ದೀರ್ಘ ರಜೆಯ ತಿಂಗಳುಗಳನ್ನು ಸೇವೆಯೆಂದು ಎಣಿಸಬೇಕೋ ಬೇಡವೋ ಎಂಬುದನ್ನು ಬಹಳಷ್ಟು ಪತ್ರಗಳು ಹೇಳುವುದೇ ಇಲ್ಲ.

ತೆರಿಗೆಯ ಪಾಲು ಯಾರ ತಲೆಗೆ?

ಮೇಲಿನ ವ್ಯತ್ಯಾಸಗಳೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ ಪೆಟ್ಟು ತೆರಿಗೆಯದು. ನಮ್ಮ ಮಾದರಿಯ ಉದ್ಯೋಗಿ ಶೇ 30ರ ಹಂತದಲ್ಲಿದ್ದಾರೆ ಎನ್ನೋಣ. ಶೇ 4ರ ಉಪಕರ ಸೇರಿದರೆ ದರ ಶೇ 31.2. ಆರು ಲಕ್ಷದಲ್ಲಿ 1,87,200 ರೂಪಾಯಿ ಟಿಡಿಎಸ್ ಆಗಿ ಸರ್ಕಾರಕ್ಕೆ ಹೋಯಿತು, ಖಾತೆಗೆ ಬಿದ್ದದ್ದು 4,12,800. ಆದರೆ ವಸೂಲಿ ನಡೆಯುವುದು ಸಾಮಾನ್ಯವಾಗಿ ತೆರಿಗೆಗೆ ಮುಂಚಿನ ಮೊತ್ತದ ಮೇಲೆ. ಎಂಟು ತಿಂಗಳ ಲೆಕ್ಕದಲ್ಲಿ ಅವರು ಕೊಡಬೇಕಾದ ಎರಡು ಲಕ್ಷದಲ್ಲಿ 62,400 ರೂಪಾಯಿ ಅವರ ಕೈಗೆ ಬಂದದ್ದೇ ಇಲ್ಲ.

ಬೋನಸ್ ಮತ್ತು ವಸೂಲಿ ಒಂದೇ ಆರ್ಥಿಕ ವರ್ಷದಲ್ಲಿ ಆದರೆ ತೊಡಕು ಚಿಕ್ಕದು. ವೇತನ ವಿಭಾಗ ವರ್ಷದ ಆದಾಯದಿಂದ ಆ ಮೊತ್ತವನ್ನು ಕಳೆದು, ಉಳಿದ ತಿಂಗಳುಗಳ ಟಿಡಿಎಸ್‌ನಲ್ಲಿ ಸರಿದೂಗಿಸಬಹುದು. ಇಲ್ಲಿ ಬೋನಸ್ ಬಂದದ್ದು 2023-24ರಲ್ಲಿ, ವಸೂಲಿ ಆದದ್ದು 2024-25ರಲ್ಲಿ. ಹಿಂದಿನ ವರ್ಷದ ಫಾರಂ 16 ಆಗಲೇ ಮುಗಿದ ಕಥೆ. ಮುಂಗಡವಾಗಿಯೋ ಬಾಕಿಯಾಗಿಯೋ ಬಂದ ಸಂಬಳಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ಪರಿಹಾರದ ದಾರಿಯಿದೆ. ಹಿಂದಿರುಗಿಸಿದ ಸಂಬಳಕ್ಕೆ ಅಷ್ಟು ನೇರವಾದ ದಾರಿ ಇಲ್ಲ. ನೋಟಿಸ್ ಅವಧಿಗೆ ಕಡಿತವಾದ ಹಣ ಕೈಗೇ ಬಾರದ ಆದಾಯ, ಅದಕ್ಕೆ ತೆರಿಗೆ ಕೂಡದು ಎಂದು ಮೇಲ್ಮನವಿ ನ್ಯಾಯಮಂಡಳಿ ಉದ್ಯೋಗಿಯ ಪರ ಹೇಳಿದ್ದುಂಟು. ಆದರೆ ಅಂಥ ವಾದ ಹೂಡಿ ಗೆಲ್ಲಲು ಬೇಕಾದ ವ್ಯವಧಾನ ಎಷ್ಟು ಜನರಿಗಿದೆ?

ಫಲಿತಾಂಶ ಹೀಗಾಗುತ್ತದೆ. 4,12,800ರಲ್ಲಿ ಎರಡು ಲಕ್ಷ ಹಿಂದಿರುಗಿಸಿದ ಮೇಲೆ ಉಳಿಯುವುದು 2,12,800, ಅಂದರೆ ದುಡಿದ 16 ತಿಂಗಳಿಗೆ ತಿಂಗಳಿಗೆ 13,300 ರೂಪಾಯಿ. ಕೈಗೆ ಬಂದ ಹಣವನ್ನಷ್ಟೇ ಅನುಪಾತಕ್ಕೆ ಹಿಡಿದಿದ್ದರೆ ತಿಂಗಳಿಗೆ 17,200 ಉಳಿಯುತ್ತಿತ್ತು. ಕಂಪನಿಯ ಕಡೆಯಿಂದ ನೋಡಿದರೆ ಅದು ಖರ್ಚು ಮಾಡಿದ್ದು ಪೂರ್ತಿ ಆರು ಲಕ್ಷ, ತೆರಿಗೆ ಸರ್ಕಾರದ ಬಳಿ ಇದೆ, ತಾನೇಕೆ ನಷ್ಟ ಹೊರಬೇಕು ಎಂಬ ಪ್ರಶ್ನೆಯೂ ಸಹಜವೇ. ಇಬ್ಬರಲ್ಲಿ ಈ ಅಪಾಯವನ್ನು ಮೊದಲೇ ಊಹಿಸಿ ಪತ್ರದಲ್ಲಿ ಬರೆಯುವ ಶಕ್ತಿ ಇರುವುದು ಕಂಪನಿಗೆ ಮಾತ್ರ. ಅಂದಹಾಗೆ, ಇಂಥ ವಸೂಲಿಗಳ ಮೇಲೆ ಜಿಎಸ್‌ಟಿಯನ್ನೂ ಸೇರಿಸುವ ರೂಢಿ ಕೆಲಕಾಲ ಇತ್ತು. ಬಾಂಡ್ ಮೊತ್ತ ಮತ್ತು ನೋಟಿಸ್ ಹಣಕ್ಕೆ ಆ ತೆರಿಗೆ ಅನ್ವಯಿಸದೆಂದು 2022ರ ಆಗಸ್ಟ್‌ನ ಸುತ್ತೋಲೆ ಸ್ಪಷ್ಟಪಡಿಸಿತು.

ಕಾನೂನು ಎಲ್ಲಿ ನಿಲ್ಲುತ್ತದೆ

1872ರ ಭಾರತೀಯ ಕರಾರು ಕಾಯ್ದೆಯ ಎರಡು ಸೆಕ್ಷನ್‌ಗಳು ಇಲ್ಲಿ ಮುಖ್ಯ. ಉದ್ಯೋಗ ಮಾಡುವ ಸ್ವಾತಂತ್ರ್ಯಕ್ಕೆ ತಡೆಯೊಡ್ಡುವ ಕರಾರು ಅಸಿಂಧು ಎನ್ನುತ್ತದೆ 27ನೇ ಸೆಕ್ಷನ್. ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಆ ಮಿತಿಯೊಳಗೆ ಸಮಂಜಸ ಪರಿಹಾರ ಮಾತ್ರ ಸಿಗುತ್ತದೆ ಎನ್ನುತ್ತದೆ 74ನೇ ಸೆಕ್ಷನ್. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ವ್ಯಾಜ್ಯವೊಂದನ್ನು ತೀರ್ಮಾನಿಸಿತು. ಸಾರ್ವಜನಿಕ ವಲಯದ ಬ್ಯಾಂಕೊಂದರ ಅಧಿಕಾರಿ ಮೂರು ವರ್ಷದ ಸೇವೆ ಮುಗಿಸದೆ ಹೊರಟು, ಬಾಂಡಿನ ಎರಡು ಲಕ್ಷ ರೂಪಾಯಿಯನ್ನು ಪ್ರತಿಭಟನೆಯೊಂದಿಗೆ ಕಟ್ಟಿ, ಹೈಕೋರ್ಟಿನಲ್ಲಿ ಗೆದ್ದಿದ್ದರು. ಕರ್ನಾಟಕ ಹೈಕೋರ್ಟಿನ ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಸೇವೆಯ ಅವಧಿಯೊಳಗಿನ ಇಂಥ ಷರತ್ತು ಉದ್ಯೋಗಕ್ಕೆ ತಡೆಯಲ್ಲ, ಹುದ್ದೆ ಮತ್ತು ಸಂಬಳ ನೋಡಿದರೆ ಮೊತ್ತ ವಿಪರೀತವೂ ಅಲ್ಲ ಎಂಬುದು ತೀರ್ಪಿನ ಸಾರ.

ಆ ಪ್ರಕರಣ ನೇಮಕಾತಿ ಬಾಂಡಿನದು, ಬೋನಸ್ಸಿನದಲ್ಲ. ಸಾರ್ವಜನಿಕ ವಲಯದ ಬ್ಯಾಂಕು ಬಹಿರಂಗ ಜಾಹೀರಾತು, ಸ್ಪರ್ಧಾತ್ಮಕ ಆಯ್ಕೆಯ ಮೂಲಕವೇ ನೇಮಕ ಮಾಡಬೇಕಾದ ವೆಚ್ಚವೂ ಅಲ್ಲಿ ತೂಕಕ್ಕೆ ಬಂದಿತ್ತು. ಹಾಗಿದ್ದರೂ ತೀರ್ಪಿನ ಒಲವು ಸ್ಪಷ್ಟ: ಮಿತಿಯೊಳಗಿನ ವಸೂಲಿಯನ್ನು ನ್ಯಾಯಾಲಯ ಸುಲಭವಾಗಿ ರದ್ದುಪಡಿಸದು. ಪಡೆದ ಹಣದ ಉಳಿದ ಭಾಗವನ್ನಷ್ಟೇ ಕೇಳುವ ಅನುಪಾತದ ಷರತ್ತು ಬಾಂಡಿಗಿಂತ ಗಟ್ಟಿಯಾದ ನೆಲದ ಮೇಲೆ ನಿಂತಿದೆ. ಅದಕ್ಕೆ ಬಡ್ಡಿ, ದಂಡ, ‘ತರಬೇತಿ ವೆಚ್ಚ’ ಎಂದೆಲ್ಲ ಸೇರಿಸಿದಾಗ ನೆಲ ಸಡಿಲವಾಗುತ್ತದೆ.

ಎಲ್ಲಿಂದ ವಸೂಲು ಮಾಡಬಹುದು ಎಂಬುದಕ್ಕೂ ಮಿತಿಯಿದೆ. ಭವಿಷ್ಯ ನಿಧಿ ಕಂಪನಿಯ ಕೈಗೆ ಸಿಗುವಂಥದ್ದಲ್ಲ. ಗ್ರಾಚ್ಯುಟಿಯನ್ನು ತಡೆಹಿಡಿಯಲು ಕಾನೂನು ಹೇಳಿರುವ ದುರ್ವರ್ತನೆಯಂಥ ಕಾರಣಗಳೇ ಬೇಕು, ಅವಧಿಗೆ ಮುನ್ನ ರಾಜೀನಾಮೆ ಅವುಗಳಲ್ಲಿ ಒಂದಲ್ಲ. ಹೀಗಾಗಿ ಒತ್ತಡವೆಲ್ಲ ಕೊನೆಯ ಸಂಬಳ, ರಜೆ ನಗದೀಕರಣ ಮತ್ತು ರಿಲೀವಿಂಗ್ ಲೆಟರ್ ಮೇಲೆ ಬೀಳುತ್ತದೆ. ಹೊಸ ಕಂಪನಿ ಕೇಳುವ ಮೊದಲ ಕಾಗದವೇ ರಿಲೀವಿಂಗ್ ಲೆಟರ್ ಆಗಿರುವುದರಿಂದ, ಮೊತ್ತ ತಪ್ಪೆಂದು ಗೊತ್ತಿದ್ದರೂ ಹೆಚ್ಚಿನವರು ಕಟ್ಟಿಯೇ ಹೊರಡುತ್ತಾರೆ.

ಸಹಿಗೆ ಮುಂಚಿನ ಒಂದು ಪುಟ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2026ರ ಜನವರಿ 1ರಿಂದ ಮಾಡಿಕೊಳ್ಳುವ ಒಪ್ಪಂದಗಳಿಗೆ ಇಂಥ ವಸೂಲಿಯನ್ನು ಬಿಗಿಯಾದ ಚೌಕಟ್ಟಿಗೆ ತಂದಿದೆ. ಕೆಲಸಕ್ಕೆ ಸೇರುವಾಗ ಕೊಡುವ ಬೋನಸ್ಸಿಗೆ ಪ್ರತ್ಯೇಕ ಒಪ್ಪಂದ ಇರಬೇಕು, ವಕೀಲರನ್ನು ಕೇಳಲು ಐದು ಕೆಲಸದ ದಿನಗಳಾದರೂ ಸಿಗಬೇಕು, ಅವಧಿ ಎರಡು ವರ್ಷ ಮೀರಬಾರದು, ವಸೂಲಿ ಅನುಪಾತದ್ದೇ ಆಗಿರಬೇಕು, ಬಡ್ಡಿ ಕೂಡದು. ಹಣವನ್ನು ಅವಧಿ ಮುಗಿದ ಮೇಲೆ ಪಡೆಯುವ ಆಯ್ಕೆಯೂ ಉದ್ಯೋಗಿಗೆ ಇರಬೇಕು. ಕಂಪನಿಯೇ ಕೆಲಸದಿಂದ ತೆಗೆದರೆ, ದುರ್ವರ್ತನೆಯ ಹೊರತು, ವಸೂಲಿ ಇಲ್ಲ. ಅಲ್ಲಿ ದುಡಿಯುವ ಕನ್ನಡಿಗರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಇಲ್ಲಿನವರಿಗೆ ಅಂಥ ಕಾನೂನಿನ ಆಸರೆ ಇಲ್ಲ.

ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಎಣಿಕೆ ಕೆಲಸದ ಕಡೆಯ ದಿನದವರೆಗೆ ಮತ್ತು ದಿನಗಳಲ್ಲಿ ನಡೆಯಬೇಕು. ಆರ್ಥಿಕ ವರ್ಷ ದಾಟಿದ ಮೇಲೆ ಕೈಗೆ ಬಂದ ಮೊತ್ತವಷ್ಟೇ ವಸೂಲಿಗೆ ಆಧಾರವಾಗಬೇಕು. ಕಂಪನಿಯೇ ಹೊರಕಳಿಸಿದಾಗ, ಉದ್ಯೋಗಿ ಮೃತಪಟ್ಟಾಗ ಷರತ್ತು ಬಿದ್ದುಹೋಗಬೇಕು. ಇಷ್ಟು ಇದ್ದರೆ ಇದು ಇಬ್ಬರೂ ಒಪ್ಪಬಹುದಾದ ವ್ಯವಹಾರ, ಇಲ್ಲದಿದ್ದರೆ ಬೋನಸ್ಸಿನ ವೇಷದ ಸಾಲ. ಪತ್ರಕ್ಕೆ ಸಹಿ ಹಾಕುವವರು ಎಚ್‌ಆರ್ ವಿಭಾಗದಿಂದ ಒಂದು ಪುಟವನ್ನು ಇಮೇಲ್‌ನಲ್ಲಿ ಕೇಳಿ ಪಡೆಯಲಿ: ಇಂಥ ತಿಂಗಳ ಇಂಥ ದಿನ ಹೊರಟರೆ ಕೊಡಬೇಕಾದ ಮೊತ್ತ ಎಷ್ಟು, ತೆರಿಗೆಗೆ ಮುಂಚೆಯೋ ನಂತರವೋ ಎಂದು ತಿಂಗಳುವಾರು ಬರೆದ ಪಟ್ಟಿಯನ್ನು.