ಲೋಲಕದ ‘ಸಣ್ಣ ಕೋನ’ ಎಂದರೆ ಎಷ್ಟು ಸಣ್ಣದು?

ಪ್ರಥಮ ಪಿಯುಸಿಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸರಳ ಲೋಲಕವನ್ನು ತೂಗಿಸದ ವಿದ್ಯಾರ್ಥಿ ಸಿಗುವುದು ಕಷ್ಟ. ಸ್ಟ್ಯಾಂಡಿಗೆ ದಾರ, ದಾರದ ತುದಿಗೆ ಲೋಹದ ಗುಂಡು, ಕೈಯಲ್ಲಿ ಸ್ಟಾಪ್‌ವಾಚ್. ಗುಂಡನ್ನು ಸ್ವಲ್ಪವೇ ಪಕ್ಕಕ್ಕೆ ಸರಿಸಿ ಬಿಡಬೇಕು, 20 ಆಂದೋಲನ ಎಣಿಸಬೇಕು, ಸೂತ್ರದಲ್ಲಿ ಹಾಕಿ ಗುರುತ್ವ ವೇಗೋತ್ಕರ್ಷ g ಕಂಡುಹಿಡಿಯಬೇಕು. ಯಾಕೆ ‘ಸ್ವಲ್ಪವೇ’ ಎಂದು ಕೇಳಿದರೆ, ಕೋನ ಸಣ್ಣದಾಗಿದ್ದಾಗ sin θ ಎಂಬುದು θ ಗೆ ಸಮ ಎಂಬ ಉತ್ತರ ಬರುತ್ತದೆ. ಅದೇ ವರ್ಷ ಗಣಿತದ ತರಗತಿಯಲ್ಲಿ ಅದೇ ಮಕ್ಕಳು x ಸೊನ್ನೆಯತ್ತ ಸಾಗಿದಂತೆ sin x / x ಎಂಬುದು 1 ರತ್ತ ಸಾಗುತ್ತದೆಂದು ಸಾಧಿಸಿ, ಅಂಕ ಗಳಿಸಿ, ಮುಂದಿನ ಪಾಠಕ್ಕೆ ಹೋಗುತ್ತಾರೆ. ಎರಡೂ ಒಂದೇ ಮಾತು ಎಂಬುದು ಎರಡು ತರಗತಿಗಳ ನಡುವಿನ ಗೋಡೆಯಲ್ಲೇ ಉಳಿದುಬಿಡುತ್ತದೆ.

ಪಕ್ಕಕ್ಕೆ ಸರಿದ ಗುಂಡನ್ನು ಮಧ್ಯಕ್ಕೆ ಎಳೆಯುವ ಬಲ mg sin θ. ಗುಂಡು ಮಧ್ಯದಿಂದ ಎಷ್ಟು ದೂರ ಸರಿದಿದೆ ಎಂಬುದು ಮಾತ್ರ θ ಗೆ ಅನುಗುಣ. ಬಲವೂ ದೂರವೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದಾದರೆ ಒಂದು ಅನುಕೂಲವಿದೆ: ದೂರಕ್ಕೆ ಎಳೆದುಬಿಟ್ಟ ಗುಂಡಿಗೆ ದಾರಿ ಎಷ್ಟು ಹೆಚ್ಚೋ ಎಳೆತವೂ ಅಷ್ಟೇ ಹೆಚ್ಚು, ಹಾಗಾಗಿ ಆಂದೋಲನಕ್ಕೆ ಹಿಡಿಯುವ ಕಾಲ ಬದಲಾಗುವುದಿಲ್ಲ. T = 2π√(l/g) ಎಂಬ ಸೂತ್ರದಲ್ಲಿ ಕೋನದ ಸುಳಿವೇ ಇಲ್ಲದಿರುವುದು ಇದೇ ಕಾರಣಕ್ಕೆ. ಆದರೆ ಸೈನ್ ಕೋನದಷ್ಟು ವೇಗವಾಗಿ ಬೆಳೆಯುವುದಿಲ್ಲ. ಕೋನ ಹಿಗ್ಗಿದಂತೆ ಎಳೆತ ಹಿಂದೆ ಬೀಳುತ್ತದೆ, ಲೋಲಕ ತಡಮಾಡುತ್ತದೆ.

ಎಷ್ಟು ಹಿಂದೆ ಬೀಳುತ್ತದೆ? ಅದಕ್ಕೆ ಗಣಿತದ ತರಗತಿಯ ಚಿತ್ರವೇ ಸಾಕು. ತ್ರಿಜ್ಯ 1 ಇರುವ ವೃತ್ತದಲ್ಲಿ ಕೇಂದ್ರದಿಂದ θ ಕೋನದ ಒಂದು ಹೋಳು ಕತ್ತರಿಸಿ. ಅದರ ಎರಡು ತ್ರಿಜ್ಯಗಳ ತುದಿಗಳನ್ನು ಸೇರಿಸಿದರೆ ಹೋಳಿನೊಳಗೆ ಕೂರುವ ತ್ರಿಕೋನದ ವಿಸ್ತೀರ್ಣ sin θ / 2. ಹೋಳಿನದು θ / 2. ಒಂದು ತುದಿಯಲ್ಲಿ ಸ್ಪರ್ಶಕ ಎಳೆದು ಹೊರಗಿನಿಂದ ಮುಚ್ಚುವ ದೊಡ್ಡ ತ್ರಿಕೋನದ್ದು tan θ / 2. ಒಳಗಿನದು ಚಿಕ್ಕದು, ಹೊರಗಿನದು ದೊಡ್ಡದು, ಹೋಳು ನಡುವೆ. ಈ ಅಸಮತೆಗಳನ್ನು ತಿರುಗಿಸಿ ಬರೆದರೆ sin θ / θ ಎಂಬುದು cos θ ಮತ್ತು 1 ರ ನಡುವೆ ಸಿಕ್ಕಿಬೀಳುತ್ತದೆ. θ ಸೊನ್ನೆಯತ್ತ ಹೋದಂತೆ cos θ ಕೂಡ 1 ರತ್ತ ಹೋಗುವುದರಿಂದ ನಡುವಿನದಕ್ಕೆ ಬೇರೆ ದಾರಿಯಿಲ್ಲ. ಹೋಳಿನ ವಿಸ್ತೀರ್ಣ θ / 2 ಆಗುವುದು ಕೋನವನ್ನು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ. ಡಿಗ್ರಿಯಲ್ಲೇ ಉಳಿದರೆ ಆ ಅನುಪಾತ 1 ರ ಬದಲು 0.01745 ರತ್ತ ಸಾಗುತ್ತದೆ. ಕ್ಯಾಲ್ಕುಲೇಟರನ್ನು ಡಿಗ್ರಿಯಲ್ಲೇ ಇಟ್ಟುಕೊಂಡು ‘ಎರಡೂ ಸಮ ಎಲ್ಲಿ?’ ಎಂದು ತಡಕಾಡುವವರ ತೊಂದರೆ ಇದೇ.

ಇಷ್ಟಕ್ಕೇ ನಿಂತರೆ ಪ್ರಯೋಗಾಲಯಕ್ಕೆ ಪ್ರಯೋಜನವಿಲ್ಲ. ಸೊನ್ನೆಯ ಬಳಿ ಎಲ್ಲ ಸರಿ ಎನ್ನುವ ಮಿತಿ, 10 ಡಿಗ್ರಿಯಲ್ಲಿ ಏನಾಗುತ್ತದೆಂದು ಹೇಳುವುದಿಲ್ಲ. ಹೇಳುವುದು ಅದನ್ನು ಸಾಧಿಸಲು ಬಳಸಿದ ಅಸಮತೆ. cos 10° ಎಂದರೆ 0.985, ಆದ್ದರಿಂದ ತಪ್ಪು ಶೇ. 1.5ನ್ನು ಮೀರಲಾರದು. ನಿಜವಾದ ತಪ್ಪು ಇನ್ನೂ ಕಡಿಮೆ: 10 ಡಿಗ್ರಿ ಎಂದರೆ 0.17453 ರೇಡಿಯನ್, ಅದರ ಸೈನ್ 0.17365. ವ್ಯತ್ಯಾಸ ಸುಮಾರು ಶೇ. 0.5. ಸಾಮಾನ್ಯವಾಗಿ ಈ ತಪ್ಪಿನ ಪಾಲು θ²/6 ರಷ್ಟು. ಕೋನ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟು.

ಲೋಲಕದ ಕಾಲದಲ್ಲೂ ಅಷ್ಟೇ ತಪ್ಪು ಇರುತ್ತದೆಂದು ಭಾವಿಸಿದರೆ ಲೆಕ್ಕ ಕೆಡುತ್ತದೆ. ಬಲದ ಕೊರತೆ ಪೂರ್ತಿ ಶೇ. 0.5 ಇರುವುದು ತೂಗಾಟದ ಎರಡು ತುದಿಗಳಲ್ಲಿ ಮಾತ್ರ. ಮಧ್ಯಕ್ಕೆ ಬಂದಂತೆ ಅದು ಕರಗುತ್ತದೆ. ಇಡೀ ಆಂದೋಲನಕ್ಕೆ ಸರಾಸರಿ ಹಿಡಿದರೆ ತುದಿಯ ಕೊರತೆಯ ಮುಕ್ಕಾಲು ಪಾಲು ಲೆಕ್ಕಕ್ಕೆ ಬರುತ್ತದೆ. ಮೇಲಾಗಿ ಕಾಲದ ಸೂತ್ರದಲ್ಲಿ ವರ್ಗಮೂಲ ಇರುವುದರಿಂದ ಅದರಲ್ಲೂ ಅರ್ಧ ಹೋಗುತ್ತದೆ. ಆರರಲ್ಲಿ ಒಂದರ ಮುಕ್ಕಾಲು, ಅದರ ಅರ್ಧ: ಹದಿನಾರರಲ್ಲಿ ಒಂದು. ಪುಸ್ತಕಗಳಲ್ಲಿ ಎಲ್ಲಿಂದಲೋ ಉದುರಿದಂತೆ ಕಾಣುವ θ²/16 ಎಂಬ ತಿದ್ದುಪಡಿ ಹೀಗೆ ಹುಟ್ಟುತ್ತದೆ. ಇಲ್ಲಿ θ ಎಂದರೆ ಮಧ್ಯದಿಂದ ಒಂದು ತುದಿಯವರೆಗಿನ ಕೋನ. ತುದಿಯಿಂದ ತುದಿಗೆ ಅಳೆದವರ ತಿದ್ದುಪಡಿ ನಾಲ್ಕು ಪಟ್ಟು ಉಬ್ಬುತ್ತದೆ.

ಇನ್ನು ಪ್ರಯೋಗಾಲಯದ ಲೆಕ್ಕ. ಬೆಂಗಳೂರಿನಲ್ಲಿ g ಸುಮಾರು 9.78. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಕ್ಕೆ ಸೂತ್ರದ ಪ್ರಕಾರ 40.18 ಸೆಕೆಂಡು ತೆಗೆದುಕೊಳ್ಳಬೇಕು. 5 ಡಿಗ್ರಿಯಿಂದ ಬಿಟ್ಟರೆ ಹೆಚ್ಚುವರಿ ಕಾಲ 0.02 ಸೆಕೆಂಡು, ದಾರದ ಉದ್ದವನ್ನು ಒಂದು ಮಿಲಿಮೀಟರ್ ತಪ್ಪಾಗಿ ಅಳೆದರೂ ಇಷ್ಟೇ ವ್ಯತ್ಯಾಸ ಬರುತ್ತದೆ. 10 ಡಿಗ್ರಿಯಲ್ಲಿ 0.08 ಸೆಕೆಂಡು. ಸ್ಟಾಪ್‌ವಾಚಿನ ಗುಂಡಿ ಒತ್ತುವ ಬೆರಳಿನ ಹಿಂದುಮುಂದು ಇದಕ್ಕಿಂತ ಹೆಚ್ಚು. ಅಂದರೆ 10 ಡಿಗ್ರಿಯವರೆಗೆ ಈ ತಪ್ಪು ಇದೆ, ಆದರೆ ಕೈಗೆ ಸಿಗುವುದಿಲ್ಲ. 30 ಡಿಗ್ರಿಯಿಂದ ಬಿಟ್ಟರೆ ಮಾತ್ರ ಶೇ. 1.7, ಅಂದರೆ 0.7 ಸೆಕೆಂಡು ಜಾಸ್ತಿಯಾಗುತ್ತದೆ. ಇದು ಯಾರಿಗಾದರೂ ಕಾಣುತ್ತದೆ. ತಿದ್ದದೆ ಸೂತ್ರಕ್ಕೆ ಹಾಕಿದರೆ g 9.45ಕ್ಕೆ ಇಳಿಯುತ್ತದೆ, ಏಕೆಂದರೆ ಅಲ್ಲಿ ಕಾಲದ ವರ್ಗವಿದೆ, ತಪ್ಪು ಇಮ್ಮಡಿಯಾಗುತ್ತದೆ. 90 ಡಿಗ್ರಿಯಲ್ಲಿ ಕಾಲ ಶೇ. 18ರಷ್ಟು ಹೆಚ್ಚುತ್ತದೆ, ಅಷ್ಟು ಹೊತ್ತಿಗೆ θ²/16 ಕೂಡ ಸಾಲದು, ಮುಂದಿನ ಪದಗಳೂ ಬೇಕು.

ಬೆರಳಿಗೆ ಸಿಗದ ತಪ್ಪು ಗಡಿಯಾರಕ್ಕೆ ಸಿಗುತ್ತದೆ. ತೂಗಾಟ ದೊಡ್ಡದಿರಲಿ ಚಿಕ್ಕದಿರಲಿ ಕಾಲ ಒಂದೇ ಎಂದು ಗೆಲಿಲಿಯೊ 1638ರ ಪುಸ್ತಕದಲ್ಲೂ ನಂಬಿಕೊಂಡಿದ್ದ. 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್‌ಗೆ ಆ ನಂಬಿಕೆಯ ಐಷಾರಾಮ ಇರಲಿಲ್ಲ. ಆಗಿನ ಗಡಿಯಾರಗಳಲ್ಲಿ ಹಲ್ಲಿನ ಚಕ್ರವನ್ನು ತಡೆದು ಬಿಡುವ ಭಾಗದ ರಚನೆಯೇ ಲೋಲಕವನ್ನು ಅಗಲವಾಗಿ ತೂಗಿಸುತ್ತಿತ್ತು. 20 ಡಿಗ್ರಿಯ ತೂಗಾಟ ದಿನಕ್ಕೆ ಸುಮಾರು 11 ನಿಮಿಷ ಹಿಂದೆ ಬೀಳಿಸುತ್ತದೆ. ಅದು ಸ್ಥಿರವಾಗಿದ್ದರೆ ಚಿಂತೆಯಿಲ್ಲ, ಗುಂಡನ್ನು ಸ್ವಲ್ಪ ಮೇಲೇರಿಸಿ ಸರಿಪಡಿಸಬಹುದು. ಆದರೆ ಎಣ್ಣೆ ಗಟ್ಟಿಯಾಗಿಯೋ ಧೂಳು ಕೂತೋ ತೂಗಾಟ 25ರಿಂದ 20 ಡಿಗ್ರಿಗೆ ಇಳಿದರೆ ಅದೇ ಗಡಿಯಾರ ದಿನಕ್ಕೆ 6 ನಿಮಿಷ ಮುಂದೆ ಓಡತೊಡಗುತ್ತದೆ. ಹೈಗನ್ಸ್ ದಾರದ ಎರಡೂ ಪಕ್ಕ ಬಾಗಿದ ಲೋಹದ ತಗಡು ನಿಲ್ಲಿಸಿದ. ಅಗಲವಾಗಿ ತೂಗಿದಾಗ ದಾರ ಅದಕ್ಕೆ ಒರಗಿ ಗಿಡ್ಡವಾಗಿ, ಕಳೆದ ಕಾಲವನ್ನು ಮರಳಿಸುತ್ತದೆ. ಯಾವ ಬಾಗು ಇದನ್ನು ಕರಾರುವಾಕ್ಕಾಗಿ ಮಾಡುತ್ತದೆಂಬುದರ ಸಾಧನೆ ಅವನ 1673ರ ಪುಸ್ತಕದಲ್ಲಿದೆ. ಗಣಿತ ಸೊಗಸಾಗಿತ್ತು. ಆದರೆ ಗೆದ್ದದ್ದು ಮತ್ತೊಂದು ಉಪಾಯ: ಲಂಗರದ ಆಕಾರದ ತಡೆ ಬಂದು ತೂಗಾಟವನ್ನೇ ಎರಡು ಮೂರು ಡಿಗ್ರಿಗೆ ಇಳಿಸಿತು. ಎರಡು ಡಿಗ್ರಿಯಲ್ಲಿ ಇಡೀ ತಪ್ಪು ದಿನಕ್ಕೆ 6.6 ಸೆಕೆಂಡು, ತೂಗಾಟ ಕೊಂಚ ಏರಿಳಿದರೆ ಅದರಲ್ಲೊಂದು ಪಾಲು ಮಾತ್ರ ಅತ್ತಿತ್ತ ಆಗುತ್ತದೆ.

ಹಾಗಾಗಿ ಉಪನ್ಯಾಸಕರಲ್ಲಿ ಒಂದು ವಿನಂತಿ. ಈ ವರ್ಷದ ಪ್ರಯೋಗದಲ್ಲಿ ಮಕ್ಕಳಿಂದ 5 ಡಿಗ್ರಿಯ ಜೊತೆಗೆ 30 ಡಿಗ್ರಿಯ ಅಳತೆಯನ್ನೂ ತೆಗೆಸಿ. ತೂಗಾಟ ಗಾಳಿಗೆ ಕುಗ್ಗುವುದರಿಂದ ವ್ಯತ್ಯಾಸ 0.7 ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಬಂದೀತು. ಮೊದಲ ಮತ್ತು ಕೊನೆಯ ಆಂದೋಲನದ ಕೋನ ಎರಡನ್ನೂ ಬರೆಸಿಕೊಂಡರೆ ಆ ಕಡಿಮೆಗೂ ಲೆಕ್ಕ ಸಿಗುತ್ತದೆ.