ಸಬ್‌ಟೈಟಲ್ ಚಿತ್ರದೊಳಗೋ, ಚಿತ್ರದ ಜೊತೆಗೋ?

ತುಳುವಿನಲ್ಲಿ ತೆಗೆದ 40 ನಿಮಿಷದ ಒಂದು ಸಾಕ್ಷ್ಯಚಿತ್ರ ಇದೆ ಎಂದುಕೊಳ್ಳಿ. ಮಾತೆಲ್ಲ ತುಳು. ಧಾರವಾಡದಲ್ಲಿ ನೋಡುವವರಿಗಾಗಿ ಕನ್ನಡ ಸಬ್‌ಟೈಟಲ್, ಚಿತ್ರೋತ್ಸವಗಳಿಗಾಗಿ ಇಂಗ್ಲಿಷ್ ಸಬ್‌ಟೈಟಲ್ ಬರೆಸಿದ್ದಾಗಿದೆ. ಕೆಲಸ ಮುಗಿಯುವ ಹೊತ್ತಿಗೆ ಎಡಿಟರ್ ಕೇಳುತ್ತಾರೆ: “ಸಬ್‌ಟೈಟಲ್ ಬರ್ನ್ ಮಾಡಿಬಿಡ್ಲಾ ಸಾರ್, ಇಲ್ಲ ಬೇರೆ ಫೈಲ್ ಆಗಿ ಕೊಡ್ಲಾ?” ಹೆಚ್ಚಿನವರ ಉತ್ತರ, ಬರ್ನ್ ಮಾಡಿಬಿಡಿ, ತಲೆನೋವು ಬೇಡ. ಆ ಉತ್ತರದಿಂದ ಆಮೇಲೆ ಏನೇನು ಕೈತಪ್ಪಿ ಹೋಗುತ್ತದೆ ಎಂಬುದು ಆ ಕ್ಷಣದಲ್ಲಿ ಕಾಣುವುದಿಲ್ಲ.

ಬರ್ನ್ ಮಾಡುವುದೆಂದರೆ ಅಕ್ಷರಗಳನ್ನು ಚಿತ್ರದ ಪ್ರತಿಯೊಂದು ಫ್ರೇಮಿನ ಮೇಲೂ ಬರೆದುಬಿಡುವುದು. ಬರೆದ ಮೇಲೆ ಅದು ಅಕ್ಷರವಾಗಿ ಉಳಿಯುವುದಿಲ್ಲ. ಹಿಂದಿರುವ ಗದ್ದೆ, ಮುಖ, ಆಕಾಶದ ಹಾಗೆ ಅದೂ ಬಣ್ಣದ ಚುಕ್ಕೆಗಳಾಗುತ್ತದೆ. ಅದರ ಅಡಿಯಲ್ಲಿದ್ದ ಚಿತ್ರದ ಭಾಗ ಆ ಪ್ರತಿಯಲ್ಲಿ ಇನ್ನಿಲ್ಲ. ಇದಕ್ಕೆ ಹಾರ್ಡ್ ಸಬ್ ಎನ್ನುತ್ತಾರೆ. ಇನ್ನೊಂದು ದಾರಿಯಲ್ಲಿ ಸಬ್‌ಟೈಟಲ್ ಬರೀ ಪಠ್ಯವಾಗಿ ಉಳಿಯುತ್ತದೆ. ಚಿತ್ರ ಓಡುವಾಗ ಪ್ಲೇಯರ್ ಅದನ್ನು ಓದಿ, ಆ ಹೊತ್ತಿಗೆ ಪರದೆಯ ಮೇಲೆ ಬರೆಯುತ್ತದೆ. ನೋಡುಗರು ಬೇಕೆಂದರೆ ಹಾಕಿಕೊಳ್ಳಬಹುದು, ಬೇಡವೆಂದರೆ ತೆಗೆಯಬಹುದು, ಭಾಷೆ ಬದಲಿಸಬಹುದು. ಇದು ಸಾಫ್ಟ್ ಸಬ್.

ಈ ಪಠ್ಯದ ಫೈಲ್ ಎಷ್ಟು ಸರಳ ಎಂಬುದನ್ನು ಒಮ್ಮೆ ತೆರೆದು ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಎಸ್‌ಆರ್‌ಟಿ ಮಾದರಿಯಲ್ಲಿ ಒಂದು ಸಾಲು ಹೀಗಿರುತ್ತದೆ:

```
12
00:01:05,200 --> 00:01:08,400
ಮಳೆ ಬಂದ ಮೇಲೆ ಗದ್ದೆಗೆ ಇಳಿಯುತ್ತೇವೆ.
```

ಒಂದು ಕ್ರಮಸಂಖ್ಯೆ, ಸಾಲು ಯಾವಾಗ ಬರಬೇಕು ಮತ್ತು ಯಾವಾಗ ಹೋಗಬೇಕು ಎಂಬ ಸಮಯ, ಆಮೇಲೆ ಮಾತು. ಅಷ್ಟೆ. ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಬಹುದು. ನಮ್ಮ 40 ನಿಮಿಷದ ಚಿತ್ರದಲ್ಲಿ ಇಂಥ 500 ಸಾಲುಗಳಿದ್ದರೂ ಕನ್ನಡದ ಇಡೀ ಫೈಲ್ 100 ಕಿಲೋಬೈಟ್ ದಾಟುವುದು ಕಷ್ಟ. ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ಉಳಿಸಿದ ಅದೇ ಚಿತ್ರದ ವಿಡಿಯೊ ಸುಮಾರು 2.4 ಗಿಗಾಬೈಟ್ ಆಗುತ್ತದೆ.

ಈಗ ಚಿತ್ರ ಹೊರಬಂದು ವಾರವಾದ ಮೇಲೆ ಒಬ್ಬ ಹಿರಿಯರು ಫೋನ್ ಮಾಡಿ, ಹನ್ನೆರಡನೆಯ ನಿಮಿಷದಲ್ಲಿ ಭತ್ತದ ತಳಿಯ ಹೆಸರು ತಪ್ಪಾಗಿದೆ ಎನ್ನುತ್ತಾರೆ. ಸಬ್‌ಟೈಟಲ್ ಬೇರೆ ಫೈಲ್ ಆಗಿದ್ದರೆ ಆ ಪದ ತಿದ್ದಿ ಹಳೆಯದರ ಜಾಗಕ್ಕೆ ಹೊಸದನ್ನು ಹಾಕಿದರೆ ಮುಗಿಯಿತು, ವಿಡಿಯೊ ಮುಟ್ಟಬೇಕಾಗಿಲ್ಲ. ಬರ್ನ್ ಮಾಡಿದ್ದರೆ ಸಬ್‌ಟೈಟಲ್ ಇಲ್ಲದ ಮೂಲಪ್ರತಿ ಹುಡುಕಿ, 2.4 ಗಿಗಾಬೈಟಿನ ಇಡೀ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಿ, ಮತ್ತೆ ಎಲ್ಲ ಕಡೆ ಏರಿಸಬೇಕು. ಆ ಮೂಲಪ್ರತಿಯೇ ಉಳಿದಿಲ್ಲದಿದ್ದರೆ? ಅಕ್ಷರದ ಮೇಲೆ ಕಪ್ಪು ಪಟ್ಟಿ ಎಳೆದು ಅದರ ಮೇಲೆ ಹೊಸ ಅಕ್ಷರ ಬರೆಯಬೇಕು. ಹಳೆಯ ಸಬ್‌ಟೈಟಲ್ ಮೇಲೆ ಹೊಸ ಪಟ್ಟಿ ಮೆತ್ತಿಕೊಂಡ ಚಿತ್ರಗಳನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಎಲ್ಲರೂ ಬೇರೆ ಫೈಲನ್ನೇ ಏಕೆ ಇಟ್ಟುಕೊಳ್ಳುವುದಿಲ್ಲ? ಕನ್ನಡದ ಮಟ್ಟಿಗೆ ಇದಕ್ಕೆ ಗಟ್ಟಿ ಕಾರಣವೇ ಇದೆ. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಸಾಕು. ಕನ್ನಡದಲ್ಲಿ ‘ರಾಷ್ಟ್ರ’ ಎಂದು ಬರೆಯಲು ಷ, ಟ, ರ ಮೂರೂ ಸೇರಿ ಒತ್ತಕ್ಷರವಾಗಬೇಕು. ‘ಸೂರ್ಯ’ದಲ್ಲಿ ಮೊದಲು ಟೈಪಾದ ರಕಾರ ಅರ್ಕಾವತ್ತಾಗಿ ಯಕಾರದ ಹಿಂದೆ ಹೋಗಬೇಕು. ಫೈಲಿನಲ್ಲಿರುವುದು ಬಿಡಿ ಸಂಕೇತಗಳು ಮಾತ್ರ. ಅವನ್ನು ಕೂಡಿಸಿ ರೂಪ ಕೊಡುವುದು ಪರದೆಯ ಮೇಲೆ ಬರೆಯುವ ತಂತ್ರಾಂಶದ ಕೆಲಸ. ಕಂಪ್ಯೂಟರಿನ ವಿಎಲ್‌ಸಿಯಂಥ ಪ್ಲೇಯರುಗಳಲ್ಲಿ, ವೆಬ್ ಬ್ರೌಸರುಗಳಲ್ಲಿ ಇದು ಸಾಮಾನ್ಯವಾಗಿ ಸರಿಯಾಗಿ ನಡೆಯುತ್ತದೆ. ಪೆನ್‌ಡ್ರೈವ್ ಸಿಕ್ಕಿಸಿ ನೋಡುವ ಟಿವಿಗಳಲ್ಲಿ ಆ ಭರವಸೆ ಇಲ್ಲ.

ಕೆಟ್ಟಾಗ ಅದು ಮೂರು ಬಗೆಯಲ್ಲಿ ಕೆಡುತ್ತದೆ. ಕಣ್ಣಿಗೆ ಬಿದ್ದದ್ದನ್ನು ನೋಡಿಯೇ ಕಾರಣ ಹೇಳಬಹುದು. ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಂಡರೆ ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ‘ಕ’ ಇರಬೇಕಾದಲ್ಲಿ `à²•` ಎಂಬಂಥ ವಿಚಿತ್ರ ಗುರುತುಗಳು ಬಂದರೆ, ಯುಟಿಎಫ್-8 ಆಗಿ ಓದಬೇಕಾದ ಫೈಲನ್ನು ಸಾಧನ ಬೇರೆ ಸಂಕೇತಕ್ರಮದಲ್ಲಿ ಓದುತ್ತಿದೆ. ಅಕ್ಷರಗಳು ಕನ್ನಡದವೇ, ಆದರೆ ‘ರಾಷ್‌ಟ್‌ರ’ ಎಂದು ಒಡೆದು ನಿಂತರೆ ಫಾಂಟ್ ಇದೆ, ಕೂಡಿಸುವ ವಿದ್ಯೆ ಇಲ್ಲ. ಎರಡನೆಯದಕ್ಕೆ ಹಲವು ಸಲ ಸೆಟ್ಟಿಂಗಿನಲ್ಲಿ ಪರಿಹಾರ ಸಿಗುತ್ತದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಟಿವಿಯ ಮುಂದೆ ಕೂತವರು ಮಾಡಬಹುದಾದದ್ದು ಏನೂ ಇಲ್ಲ. ಪ್ರದರ್ಶನಕ್ಕೆ ಮುಂಚೆ ‘ರಾಷ್ಟ್ರ’, ‘ಸೂರ್ಯ’, ‘ಸ್ವಾತಂತ್ರ್ಯ’ ಈ ಮೂರು ಪದಗಳಿರುವ ಒಂದು ಪರೀಕ್ಷಾ ಸಾಲನ್ನು ಅದೇ ಟಿವಿಯಲ್ಲಿ ಓಡಿಸಿ ನೋಡಿದರೆ ಸಭಿಕರ ಮುಂದೆ ಪೇಚಾಡುವುದು ತಪ್ಪುತ್ತದೆ.

ಬರ್ನ್ ಮಾಡಿದ ಪ್ರತಿಗೆ ಈ ಯಾವ ಕಾಟವೂ ಇಲ್ಲ. ಎಡಿಟರ್ ಕಂಪ್ಯೂಟರಿನಲ್ಲಿ ಕಂಡದ್ದೇ ಎಲ್ಲೆಡೆಯೂ ಕಾಣುತ್ತದೆ. ವಾಟ್ಸ್‌ಆ್ಯಪಿನಲ್ಲಿ ಕಳಿಸುವ ತುಣುಕು, ಇನ್‌ಸ್ಟಾಗ್ರಾಮಿನ ರೀಲ್ಸ್, ಊರಿನ ಸಭಾಂಗಣದ ಪ್ರೊಜೆಕ್ಟರ್, ಇಂಥ ಕಡೆಗಳಿಗೆ ಬರ್ನ್ ಮಾಡಿದ್ದೇ ಸರಿ. ವಾಟ್ಸ್‌ಆ್ಯಪಿಗೆ ಪ್ರತ್ಯೇಕ ಸಬ್‌ಟೈಟಲ್ ಇರುವ ವಿಡಿಯೊ ಕಳಿಸಿದರೆ ನೋಡುವವರಿಗೆ ಸಬ್‌ಟೈಟಲ್ ಕಾಣುವುದೇ ಇಲ್ಲ. ಕನ್ನಡ ಚಿತ್ರದ ನಡುವೆ ಬರುವ ನಾಲ್ಕಾರು ತುಳು ಮಾತುಗಳಿಗೆ ನಿರ್ದೇಶಕರು ತಾವೇ ಜಾಗ, ಅಳತೆ ಆರಿಸಿ ಹಾಕಿದ ಸಾಲುಗಳೂ ಚಿತ್ರದೊಳಗೇ ಇರಲಿ. ಅವು ಕತೆಯ ಭಾಗ.

ಫ್ರೀಯಾಗಿ ಸಿಗುವ `ffmpeg` ತಂತ್ರಾಂಶದಲ್ಲಿ ಬರ್ನ್ ಮಾಡುವ ಆಜ್ಞೆ ಇದು:

```
ffmpeg -i chitra.mp4 -vf "subtitles=chitra.kn.srt:force_style='FontName=Noto Sans Kannada,FontSize=22'" chitra-kn.mp4
```

ಇಲ್ಲಿನ 22 ಎಂಬುದು ಪಿಕ್ಸೆಲ್ ಲೆಕ್ಕವಲ್ಲ. ಎಸ್‌ಆರ್‌ಟಿ ಫೈಲಿಗೆ ಈ ತಂತ್ರಾಂಶ ಚಿತ್ರದ ಎತ್ತರ 288 ಎಂದು ಭಾವಿಸಿಕೊಂಡು ಅಳೆಯುತ್ತದೆ. ಹಾಗಾಗಿ 1080 ಸಾಲಿನ ಎಚ್‌ಡಿ ಚಿತ್ರದಲ್ಲಿ ಅದು ಹೆಚ್ಚುಕಡಿಮೆ 82 ಪಿಕ್ಸೆಲ್ ಆಗುತ್ತದೆ. ಇದು ಗೊತ್ತಿಲ್ಲದೆ 80 ಎಂದು ಕೊಟ್ಟವರ ಪರದೆಯಲ್ಲಿ ಒಂದೊಂದು ಪದವೂ ರಾಕ್ಷಸಾಕಾರವಾಗಿ ಬರುತ್ತದೆ. ಅಕ್ಷರ ತೀರಾ ಸಣ್ಣದಾಗುವುದು ಇನ್ನೂ ಕೆಟ್ಟದ್ದು. ವಿಡಿಯೊವನ್ನು ಕುಗ್ಗಿಸಿದಾಗ ಮೊದಲು ಹಾಳಾಗುವುದು ತೀಕ್ಷ್ಣವಾದ ಅಂಚುಗಳು. ಕನ್ನಡದಲ್ಲಿ ಅತಿ ಸಣ್ಣ ಅಂಚುಗಳಿರುವುದು ಕೆಳಗಿನ ಒತ್ತುಗಳಲ್ಲಿ. ಕಳಿಸಿದ ವಿಡಿಯೊವನ್ನು ವಾಟ್ಸ್‌ಆ್ಯಪ್ ಮತ್ತೊಮ್ಮೆ ಕುಗ್ಗಿಸುತ್ತದೆ. ಆಗ ತಕಾರದ ಒತ್ತು ಯಾವುದು, ನಕಾರದ ಒತ್ತು ಯಾವುದು ಎಂದೇ ತಿಳಿಯದಂತಾಗುತ್ತದೆ. ಬರ್ನ್ ಮಾಡುವವರು ಫೋನಿನ ಪರದೆಯಲ್ಲಿ, ಒಮ್ಮೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಬಂದ ಪ್ರತಿಯನ್ನೇ ನೋಡಿ ಅಳತೆ ನಿರ್ಧರಿಸಬೇಕು.

ಪ್ರತ್ಯೇಕವಾಗಿ ಸೇರಿಸುವ ಆಜ್ಞೆ ಹೀಗೆ:

```
ffmpeg -i chitra.mp4 -i chitra.kn.srt -i chitra.en.srt \
 -map 0:v -map 0:a -map 1 -map 2 -c copy \
 -metadata:s:s:0 language=kan -metadata:s:s:1 language=eng chitra.mkv
```

ಇದರಲ್ಲಿನ `-c copy` ಎಂಬ ಭಾಗವೇ ಮುಖ್ಯ. ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಮತ್ತೆ ಎನ್‌ಕೋಡ್ ಮಾಡದೆ, ಇದ್ದಂತೆಯೇ ಎತ್ತಿ ಹೊಸ ಫೈಲಿಗೆ ಇಡು ಎಂದರ್ಥ. ಗುಣಮಟ್ಟ ಎಳ್ಳಷ್ಟೂ ಇಳಿಯುವುದಿಲ್ಲ, ಕೆಲಸವೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. `kan`, `eng` ಎಂದು ಬರೆದಿರುವುದರಿಂದ ಪ್ಲೇಯರಿನ ಪಟ್ಟಿಯಲ್ಲಿ ಕನ್ನಡ, ಇಂಗ್ಲಿಷ್ ಎಂದು ಹೆಸರು ಸಹಿತ ಕಾಣುತ್ತದೆ. ನಾಳೆ ಯಾರಾದರೂ ಕೊಂಕಣಿಗೋ ಮಲಯಾಳಕ್ಕೋ ಅನುವಾದಿಸಿದರೆ ಮೂರನೆಯದನ್ನೂ ಇದೇ ಫೈಲಿಗೆ ಸೇರಿಸಬಹುದು. ಬರ್ನ್ ಮಾಡುವ ದಾರಿಯಲ್ಲಾದರೆ ಭಾಷೆಗೊಂದರಂತೆ 2.4 ಗಿಗಾಬೈಟಿನ ಇನ್ನೊಂದು ಚಿತ್ರ.

ನೋಡುಗರ ಕಡೆಯಿಂದಲೂ ಇದನ್ನು ಯೋಚಿಸಬೇಕು. ದೃಷ್ಟಿ ಮಂದವಾದ ಅಜ್ಜಿಗೆ ಅಕ್ಷರ ದೊಡ್ಡದು ಬೇಕು. ತುಳು ಬಲ್ಲ ಮೊಮ್ಮಗನಿಗೆ ಅಕ್ಷರವೇ ಬೇಡ, ಮುಖ ಕಾಣಬೇಕು. ಬರ್ನ್ ಮಾಡಿದ ಪ್ರತಿ ಇಬ್ಬರಿಗೂ ಒಂದನ್ನೇ ಕೊಡುತ್ತದೆ. ಯೂಟ್ಯೂಬಿಗೆ ಎಸ್‌ಆರ್‌ಟಿ ಫೈಲ್ ಏರಿಸಿದರೆ ನೋಡುವವರು ಅಳತೆ, ಬಣ್ಣ ಬದಲಿಸಿಕೊಳ್ಳಬಹುದು. ಚಿತ್ರೋತ್ಸವದವರು ಸಬ್‌ಟೈಟಲ್ ಇಲ್ಲದ ಶುದ್ಧ ಪ್ರತಿ ಕೇಳಿದಾಗಲೂ ಕೊಡಲು ಅದು ಕೈಯಲ್ಲಿರುತ್ತದೆ.

ಚಿತ್ರಮಂದಿರಗಳೂ ಇದೇ ದಾರಿಯಲ್ಲಿ ಬಂದಿವೆ. ರೀಲಿನ ಕಾಲದಲ್ಲಿ ಸಬ್‌ಟೈಟಲನ್ನು ಪ್ರಿಂಟಿನ ಮೇಲೆಯೇ ಕೆತ್ತುತ್ತಿದ್ದರು. ಕೆತ್ತಿದ ಜಾಗದಲ್ಲಿ ಬಣ್ಣದ ಪದರ ಹೋಗಿ ಬೆಳಕು ಹಾಯುತ್ತಿದ್ದರಿಂದ ಅಕ್ಷರ ಬಿಳಿಯಾಗಿರುತ್ತಿತ್ತು. ಹಿಂದೆ ಬಿಳಿ ಬಟ್ಟೆಯೋ ಹಿಮವೋ ಬಂದರೆ ಓದಲು ಸಿಗುತ್ತಿರಲಿಲ್ಲ. ಈಗಿನ ಡಿಜಿಟಲ್ ಪ್ರಿಂಟಿನಲ್ಲಿ, ಅಂದರೆ ಡಿಸಿಪಿಯಲ್ಲಿ, ಸಬ್‌ಟೈಟಲ್ ಪ್ರತ್ಯೇಕ ಕಡತವಾಗಿ ಚಿತ್ರದ ಜೊತೆ ಹೋಗಬಲ್ಲದು. ಪಠ್ಯವನ್ನೇ ಕಳಿಸಬಹುದು, ಇಲ್ಲವೇ ಪ್ರತಿ ಸಾಲನ್ನೂ ಒಂದೊಂದು ಚಿತ್ರವಾಗಿ ಮಾಡಿ ಕಳಿಸಬಹುದು. ಒತ್ತಕ್ಷರ ಒಡೆಯುವ ಭಯವಿರುವ ಲಿಪಿಗಳಿಗೆ ಈ ಎರಡನೆಯ ಕ್ರಮ ಒಳ್ಳೆಯದು: ಅಕ್ಷರದ ರೂಪ ಕೆಡುವುದಿಲ್ಲ, ಮೂಲಚಿತ್ರವೂ ಹಾಳಾಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ಹಳೆಯ ತೊಡಕು ಉಳಿದಿದೆ. ಯೂನಿಕೋಡ್ ಬರುವ ಮೊದಲಿನ ನುಡಿಯಂಥ ಫಾಂಟುಗಳಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಫೈಲಿನಲ್ಲಿ ಉಳಿಯುವುದು `PÀ£ÀßqÀ`. ಫಾಂಟ್ ಇರುವ ಕಡೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಎಡಿಟಿಂಗ್ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಬರ್ನ್ ಮಾಡಿದ ಪ್ರತಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ದೋಷ ಯಾರಿಗೂ ತಿಳಿಯುವುದಿಲ್ಲ. ಯಾರಾದರೂ ಎಸ್‌ಆರ್‌ಟಿ ಕೇಳಿದ ದಿನ ಗುಟ್ಟು ರಟ್ಟಾಗುತ್ತದೆ. ಪರಿವರ್ತಕ ತಂತ್ರಾಂಶಗಳಿಂದ ಅದನ್ನು ಯೂನಿಕೋಡಿಗೆ ತರಬಹುದು. ಆದರೆ ಆ ಪಠ್ಯದ ಫೈಲೂ ಕಳೆದುಹೋಗಿ ಬರ್ನ್ ಆದ ವಿಡಿಯೊ ಮಾತ್ರ ಉಳಿದಿದ್ದರೆ, ಪರದೆ ನೋಡಿಕೊಂಡು ಸಾಲುಸಾಲಾಗಿ ಮತ್ತೆ ಟೈಪ್ ಮಾಡುವುದೊಂದೇ ನಂಬಬಹುದಾದ ದಾರಿ. ಚಲಿಸುವ ಚಿತ್ರದ ಮೇಲಿನ ಕನ್ನಡ ಅಕ್ಷರಗಳನ್ನು ಯಂತ್ರದಿಂದ ಓದಿಸಿದರೆ ಒತ್ತುಗಳಲ್ಲೇ ತಪ್ಪುಗಳು ಬರುತ್ತವೆ.

ಹಾಗಾಗಿ ಎಡಿಟರ್ ಕೇಳುವ ಪ್ರಶ್ನೆಗೆ ಉತ್ತರ, ಎರಡೂ ಕೊಡಿ. ಮೊದಲು ಒಂದು ಅಕ್ಷರವೂ ಇಲ್ಲದ ಪೂರ್ಣ ಗುಣಮಟ್ಟದ ಪ್ರತಿ. ಅದರ ಜೊತೆ ಪ್ರತಿ ಭಾಷೆಗೂ ಯೂನಿಕೋಡಿನಲ್ಲಿರುವ, ಯುಟಿಎಫ್-8 ಆಗಿ ಉಳಿಸಿದ ಎಸ್‌ಆರ್‌ಟಿ ಫೈಲ್. ಬರ್ನ್ ಮಾಡಿದ ಪ್ರತಿಗಳನ್ನು ಇವೆರಡರಿಂದ ಬೇಕಾದಾಗ, ಬೇಕಾದ ಕಡೆಗೆ ಮಾಡಿಕೊಳ್ಳಬಹುದು. ನಿಮ್ಮ ಚಿತ್ರ ಎಡಿಟಿಂಗ್ ಟೇಬಲಿನಿಂದ ಹೊರಡುವ ದಿನ, ಹಣ ಚುಕ್ತಾ ಮಾಡುವ ಮೊದಲು, ಈ ಫೈಲುಗಳನ್ನು ಕೇಳಿ ಪಡೆಯಿರಿ. ಎಸ್‌ಆರ್‌ಟಿಯನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ತೆರೆದು, ಕನ್ನಡ ಕನ್ನಡವಾಗಿಯೇ ಕಾಣುತ್ತಿದೆಯೇ ಎಂದು ನೋಡಿಕೊಂಡು ಎರಡು ಕಡೆ ಉಳಿಸಿಡಿ.